‘ಸಿಲ್ಲಿ ಮಿಸ್ಟೇಕ್’ ಎಂದು ಬರೆದಿಟ್ಟ ಹನ್ನೊಂದು ತಪ್ಪುಗಳು

ಈ ಹುಡುಗಿಯನ್ನು ರೇಣುಕಾ ಎಂದು ಕರೆಯುತ್ತೇನೆ. ಹೆಸರು ಅದಲ್ಲ, ಗುರುತು ಸಿಗುವ ಇತರ ವಿವರಗಳನ್ನೂ ಬದಲಿಸಿದ್ದೇನೆ. ಮಾನ್ವಿ ಕಡೆಯ ಹಳ್ಳಿಯವಳು, ಹತ್ತಿ ಬೆಳೆಯುವ ಮನೆ. ಎರಡನೇ ಬಾರಿ ನೀಟ್ ಬರೆಯಲು ರಾಯಚೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ತರಬೇತಿಗೆ ಹೋಗುತ್ತಿದ್ದಳು. ಪ್ರತಿ ಭಾನುವಾರ ಮಧ್ಯಾಹ್ನ 2ರಿಂದ 5ರವರೆಗೆ ಅಣಕು ಪರೀಕ್ಷೆ. 720ಕ್ಕೆ ಅಂಕಗಳು 410ರ ಆಸುಪಾಸಿನಲ್ಲೇ ಎರಡು ತಿಂಗಳಿಂದ ನಿಂತಿದ್ದವು. ನಿದ್ದೆ ಬರುತ್ತಿಲ್ಲ ಎಂದು ಚಿಕ್ಕಮ್ಮ ಅವಳನ್ನು ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಕರೆತಂದಿದ್ದರು.

“ನನಗೆ ಎಲ್ಲವೂ ಬರುತ್ತದೆ ಮೇಡಂ, ಆದರೆ ಸಿಲ್ಲಿ ಮಿಸ್ಟೇಕ್ ಮಾಡುತ್ತೇನೆ. ನನ್ನ ಸ್ವಭಾವವೇ ಹಾಗೆ” ಎಂದಳು. ಮನಸ್ಸಿನ ಭಾರ ಆ ಕೊನೆಯ ಮಾತಿನಲ್ಲಿತ್ತು. ಅದನ್ನು ಸಮಾಧಾನದ ಮಾತಿನಿಂದ ಇಳಿಸಲು ಹೋಗದೆ, ಹಿಂದಿನ ಮೂರು ಪರೀಕ್ಷೆಗಳ ಪ್ರಶ್ನೆಪತ್ರಿಕೆ ಮತ್ತು ತಪ್ಪಿನ ಪುಸ್ತಕವನ್ನು ತರಲು ಹೇಳಿದೆ.

ಪುಸ್ತಕ ಅಚ್ಚುಕಟ್ಟಾಗಿತ್ತು. ತಪ್ಪಾದ ಪ್ರತಿ ಪ್ರಶ್ನೆಯನ್ನು ಅಧ್ಯಾಯವಾರು ಬರೆದು, ಕೆಳಗೆ ಕೀ ಉತ್ತರದ ಪರಿಹಾರವನ್ನು ನಕಲು ಮಾಡಿದ್ದಳು. ಸೋಮವಾರ ಇಡೀ ಸಂಜೆ ಇದಕ್ಕೇ ಹೋಗುತ್ತಿತ್ತು. ಮಂಗಳವಾರದಿಂದ ಮಾತ್ರ ಮೊದಲೇ ನಿಗದಿಯಾದ ಹಳೆಯ ವೇಳಾಪಟ್ಟಿ. ಭಾನುವಾರ ಕಂಡ ತಪ್ಪಿಗೂ ಗುರುವಾರ ಏನು ಓದಬೇಕೆಂಬುದಕ್ಕೂ ಎಲ್ಲಿಯೂ ಗಂಟು ಬಿದ್ದಿರಲಿಲ್ಲ.

ಅತಿ ಹೆಚ್ಚು ಪೆಟ್ಟು ಬಿದ್ದಿದ್ದ ಭೌತಶಾಸ್ತ್ರವನ್ನಷ್ಟೇ ಹಿಡಿದೆವು. ಪ್ರತಿ ಪರೀಕ್ಷೆಯಲ್ಲಿ 45 ಪ್ರಶ್ನೆ, ಸರಿಗೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಅವಳಿಗೆ ಬಂದದ್ದು 47, 51, 44. ಮೂರರಲ್ಲಿ ಸೇರಿ 62 ತಪ್ಪು. ಒಂದೇ ಪತ್ರಿಕೆ ನೋಡಿದರೆ ಯಾವುದು ಆಕಸ್ಮಿಕ, ಯಾವುದು ರೂಢಿ ಎಂದು ತಿಳಿಯುವುದಿಲ್ಲ, ಅದಕ್ಕೇ ಮೂರನ್ನು ಕೇಳಿದ್ದೆ. ಆ 62ರಲ್ಲಿ 41ರ ಪಕ್ಕ ಅವಳೇ ‘ಸಿಲ್ಲಿ’ ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದಳು.

ಕೀ ಉತ್ತರ ನೋಡಿದ ಮೇಲೆ ಯಾರಿಗಾದರೂ ತಪ್ಪು ಸಣ್ಣದಾಗಿಯೇ ಕಾಣುತ್ತದೆ. ಆದ್ದರಿಂದ ಕೀ ಮುಚ್ಚಿಟ್ಟು, ಗಡಿಯಾರ ತೆಗೆದಿಟ್ಟು, 62ನ್ನೂ ಹೊಸ ಹಾಳೆಯಲ್ಲಿ ಮತ್ತೆ ಬಿಡಿಸಲು ಹೇಳಿದೆ. ನಾಲ್ಕು ದಿನ ಹಿಡಿಯಿತು. 23 ಸರಿಯಾದವು, 39 ಮತ್ತೆ ತಪ್ಪಾದವು. ಪರೀಕ್ಷೆಯ ಒತ್ತಡವಿಲ್ಲದೆಯೂ ಮರಳಿ ತಪ್ಪುವುದನ್ನು ಅಜಾಗರೂಕತೆ ಎನ್ನಲಾಗದು.

ಆ 39ರಲ್ಲಿ ಹನ್ನೊಂದು ನನ್ನನ್ನು ತಡೆದು ನಿಲ್ಲಿಸಿದವು. ಒಂದು ಧಾರಕದ ಲೆಕ್ಕ, ಒಂದು ತಂತಿಯ ರೋಧದ ಲೆಕ್ಕ, ಒಂದು ಯಂಗ್ ಗುಣಾಂಕ, ಒಂದು ಕಾಂತೀಯ ಅಭಿವಾಹ, ಹೀಗೆ ಬೇರೆ ಬೇರೆ ಅಧ್ಯಾಯಗಳು. ಸೂತ್ರ ಎಲ್ಲ ಕಡೆ ಸರಿ. ತಂತಿಯ ಲೆಕ್ಕದಲ್ಲಿ R = ρL/A ಎಂದು ಬರೆದು, ಅಡ್ಡಕೊಯ್ತ 1 mm² ಇದ್ದುದಕ್ಕೆ 10⁻³ m² ಹಾಕಿದ್ದಳು, ಬರಬೇಕಾದದ್ದು 10⁻⁶. ಧಾರಕದಲ್ಲಿ 2 cm² ಎಂಬುದು 2 × 10⁻² ಆಗಿತ್ತು, ಬರಬೇಕಾದದ್ದು 2 × 10⁻⁴. ಉದ್ದದ ಪರಿವರ್ತನೆಯನ್ನೇ ವಿಸ್ತೀರ್ಣಕ್ಕೂ ಬಳಸುತ್ತಿದ್ದಳು. ಮಿಲಿಮೀಟರಿನ 10⁻³ ಅನ್ನೂ ವರ್ಗ ಮಾಡಬೇಕೆಂಬುದು ಅವಳ ಕೈಗೆ ಬಂದಿರಲೇ ಇಲ್ಲ. ಅಧ್ಯಾಯವಾರು ಬರೆದ ಪುಸ್ತಕದಲ್ಲಿ ಈ ಒಂದೇ ತಪ್ಪು ಒಂದೊಂದು ಕಡೆ ಚದುರಿಹೋಗಿ ಕಣ್ಣಿಗೆ ಬೀಳುತ್ತಿರಲಿಲ್ಲ.

ಹಾಳೆಗಳನ್ನು ಅಕ್ಕಪಕ್ಕ ಇಟ್ಟಾಗ ಅವಳು ಬಹಳ ಹೊತ್ತು ಸುಮ್ಮನಿದ್ದಳು. ನಂತರ, “ಇದು ನನ್ನ ಸ್ವಭಾವ ಅಲ್ಲ ಅಲ್ಲವೇ ಮೇಡಂ?” ಎಂದು ಕೇಳಿದಳು. “ಅಲ್ಲಮ್ಮ, ಇದು ಒಂದು ಸಂಜೆಯಲ್ಲಿ ಕಲಿಯಬಹುದಾದ ವಿಷಯ” ಎಂದೆ.

ಉಳಿದ 28ರಲ್ಲಿ 16 ಕಡೆ ಪ್ರಶ್ನೆಯನ್ನು ಚಿತ್ರವಾಗಿ, ಸಮೀಕರಣವಾಗಿ ಇಳಿಸಲು ಬರುತ್ತಿರಲಿಲ್ಲ. ಇಳಿಜಾರಿನ ಮೇಲಿನ ಪೆಟ್ಟಿಗೆ, ರಾಟೆಗೆ ಕಟ್ಟಿದ ತೂಕ ಇಂಥವು. ಇನ್ನು 12 ಓದದೇ ಇದ್ದ ಭಾಗಗಳು, ಹೆಚ್ಚಿನವು ಆವರ್ತ ಚಲನೆಯವು. ಸರಿಪಡಿಸಿಕೊಂಡ 23ರಲ್ಲಿ 7 ‘ಸರಿಯಲ್ಲದ ಹೇಳಿಕೆ ಯಾವುದು’ ಎಂಬುದನ್ನು ಉಲ್ಟಾ ಓದಿದ್ದು. ಮಿಕ್ಕ 16 ಕೊನೆಯ ಗಡಿಬಿಡಿಯ ಕೂಡು-ಕಳೆ.

ಮುಂದಿನ ವಾರದ ವೇಳಾಪಟ್ಟಿಯನ್ನು ಅವಳೇ ಬರೆಯಲಿ ಎಂದು ಬಿಟ್ಟದ್ದು ನನ್ನ ಕಡೆಯಿಂದ ಆದ ತಪ್ಪು. ತಪ್ಪುಗಳನ್ನು ತಿದ್ದಲು ಒಟ್ಟು 27 ಕೆಲಸ ಹಾಕಿಕೊಂಡಿದ್ದಳು. ಬುಧವಾರಕ್ಕೇ ಹಿಂದೆ ಬಿದ್ದು, ಅಳುತ್ತಾ ಫೋನ್ ಮಾಡಿದಳು. ಆಗ ಕೂತು ಲೆಕ್ಕ ಹಾಕಿದೆವು. ಭೌತಶಾಸ್ತ್ರಕ್ಕೆ ದಿನಕ್ಕೆ ಎರಡು ಗಂಟೆಯಂತೆ ವಾರಕ್ಕೆ 12 ಗಂಟೆ. ತರಗತಿಯ ಪಾಠವನ್ನು ಬಿಡುವಂತಿಲ್ಲ, ಹಾಗಾಗಿ ತಪ್ಪಿನ ಕೆಲಸಕ್ಕೆ 4 ಗಂಟೆ, ಅದರಲ್ಲಿ ಮೂರೇ ಸಾಲು.

ಮಂಗಳವಾರ ಒಂದು ಗಂಟೆ ವಿಸ್ತೀರ್ಣ ಮತ್ತು ಘನಫಲದ ಪರಿವರ್ತನೆ. ಬೇರೆ ಬೇರೆ ಅಧ್ಯಾಯಗಳ 20 ಪ್ರಶ್ನೆ ತೆಗೆದುಕೊಂಡು, ಬೆಲೆ ತುಂಬುವ ಸಾಲನ್ನಷ್ಟೇ ಬರೆಯುವುದು, ಉತ್ತರದವರೆಗೆ ಹೋಗದಿರುವುದು. ಬುಧವಾರ ಮತ್ತು ಗುರುವಾರ ಒಂದೊಂದು ಗಂಟೆ ಬಲಗಳ ಚಿತ್ರ. ಹತ್ತು ಪ್ರಶ್ನೆಗೆ ಚಿತ್ರ ಬರೆದು ಸಮೀಕರಣಕ್ಕೆ ನಿಲ್ಲಿಸಿ, ಅದನ್ನು ಅವಳ ಭೌತಶಾಸ್ತ್ರ ಉಪನ್ಯಾಸಕರಿಗೆ ತೋರಿಸುವುದು. ನಾನು ಆಪ್ತಸಲಹೆಗಾರ್ತಿ, ಆ ತಿದ್ದುವಿಕೆ ನನ್ನ ಕೆಲಸವಲ್ಲ. ಶನಿವಾರ ಒಂದು ಗಂಟೆ ಅದೇ ಬಗೆಯ, ಆದರೆ ಬೇರೆ ಸಂಖ್ಯೆಗಳ ಪ್ರಶ್ನೆಗಳು, ಯಾವ ನೆರವೂ ಇಲ್ಲದೆ. ಎರಡು ಶನಿವಾರ ಸತತ ಸರಿಯಾದರೆ ಆ ಸಾಲು ಪಟ್ಟಿಯಿಂದ ಹೊರಗೆ, ಇಲ್ಲದಿದ್ದರೆ ಮುಂದಿನ ವಾರಕ್ಕೂ ಉಳಿಯುತ್ತದೆ. ಉಲ್ಟಾ ಓದುವ ತಪ್ಪಿಗೆ ಸಮಯವೇ ಬೇಡವಾಯಿತು. ‘ಸರಿಯಲ್ಲದ’ ಎಂಬ ಪದಕ್ಕೆ ಕಣ್ಣಿಗೆ ಬಿದ್ದ ಕೂಡಲೇ ಸುತ್ತು ಹಾಕುವುದು, ಅಷ್ಟೇ. ಆವರ್ತ ಚಲನೆಯನ್ನು ಆ ವಾರ ಮುಟ್ಟಬಾರದೆಂದೆ. ಇಡೀ ಅಧ್ಯಾಯ ನಾಲ್ಕು ಗಂಟೆಯೊಳಗೆ ಹಿಡಿಯುವುದಿಲ್ಲ, ಅದಕ್ಕೆ ದಸರಾ ರಜೆಯನ್ನು ಕಾದಿರಿಸಿದೆವು.

ಇನ್ನೊಂದು ಸೇರಿಸಿದೆವು. ಪರೀಕ್ಷೆ ಬರೆಯುವಾಗ ಖಾತ್ರಿ ಇಲ್ಲದ ಉತ್ತರದ ಪಕ್ಕ ಪ್ರಶ್ನೆಪತ್ರಿಕೆಯಲ್ಲಿ ಚುಕ್ಕೆ ಇಡಬೇಕು. ಮುಂದಿನ ಭಾನುವಾರ ಸರಿಯಾದ 18ರಲ್ಲಿ 5ಕ್ಕೆ ಚುಕ್ಕೆ ಇತ್ತು. ಅದೃಷ್ಟದಿಂದ ಬಂದ ಆ ಐದನ್ನು ಅವಳ ಹಳೆಯ ಪುಸ್ತಕ ಎಂದೂ ಹಿಡಿಯುತ್ತಿರಲಿಲ್ಲ.

ತಂದೆಯನ್ನು ಒಮ್ಮೆ ಕರೆಸಿದೆ. ಪ್ರತಿ ಭಾನುವಾರ ರಾತ್ರಿ ಫೋನ್ ಮಾಡಿ “ಈ ಸಲ ಎಷ್ಟು ಬಂತು ಮಗಳೇ?” ಎಂದು ಕೇಳುತ್ತಿದ್ದರು, ಪ್ರೀತಿಯಿಂದಲೇ. ಅವರಿಗೆ ಒಂದು ಲೆಕ್ಕ ತೋರಿಸಿದೆ. ಒಂದು ಪ್ರಶ್ನೆ ಸರಿಯಿಂದ ತಪ್ಪಿಗೆ ಜಾರಿದರೆ 5 ಅಂಕದ ವ್ಯತ್ಯಾಸ, ಮೂರು ಜಾರಿದರೆ 15. ಪತ್ರಿಕೆ ತುಸು ಕಠಿಣವಾದರೂ ಅಷ್ಟು ಏರಿಳಿತ ಆಗುತ್ತದೆ. ವಾರದ ಕೆಲಸ ಫಲಿಸಿತೇ ಎಂದು ತಿಳಿಯಲು ಒಟ್ಟು ಅಂಕ ನೋಡಿದರೆ ಮೋಸಹೋಗುತ್ತೇವೆ, ಹಿಡಿದ ತಪ್ಪು ಮರಳಿತೇ ಎಂದು ನೋಡಬೇಕು. “ಹಾಗಾದರೆ ಬುಧವಾರ ಫೋನ್ ಮಾಡುತ್ತೇನೆ ಮೇಡಂರೇ, ಆ ವಾರ ಏನು ತಿದ್ದುತ್ತಿದ್ದಾಳೆ ಎಂದು ಕೇಳುತ್ತೇನೆ” ಎಂದರು. ಹಾಗೆಯೇ ನಡೆದುಕೊಂಡರು.

ಮುಂದಿನ ಮೂರು ಪರೀಕ್ಷೆಗಳಲ್ಲಿ ಭೌತಶಾಸ್ತ್ರದ ಅಂಕ 52, 49, 63. ನಡುವಿನ 49 ಅವಳನ್ನು ಕಂಗೆಡಿಸಿತ್ತು. ಆದರೆ ಹಿಂದೆ ಮೂರು ಪತ್ರಿಕೆಗಳಲ್ಲಿ ಹನ್ನೊಂದು ಸಲ ಬಂದಿದ್ದ ಪರಿವರ್ತನೆಯ ತಪ್ಪು ಈ ಮೂರರಲ್ಲಿ ಒಂದೇ ಸಲ ಬಂದಿತ್ತು. ಬಲಗಳ ಚಿತ್ರದ ತಪ್ಪು ಅಷ್ಟು ಬೇಗ ಇಳಿಯಲಿಲ್ಲ, ಆ ಸಾಲು ಇನ್ನೂ ಪಟ್ಟಿಯಲ್ಲಿದೆ.

ಕೊನೆಯ ಗಡಿಬಿಡಿಯ ತಪ್ಪುಗಳೂ ಹಾಗೆಯೇ ಉಳಿದಿವೆ. ಅವಕ್ಕೆ ಕಾರಣ ಅಭ್ಯಾಸದ ಕೊರತೆಯಲ್ಲ. ಜೀವಶಾಸ್ತ್ರ, ರಸಾಯನಶಾಸ್ತ್ರ ಮುಗಿಸಿ ಭೌತಶಾಸ್ತ್ರಕ್ಕೆ ಬರುವಾಗ ಅವಳ ಕೈಯಲ್ಲಿ ನಲವತ್ತೇ ನಿಮಿಷ ಇರುತ್ತದೆ. ಮುಂದಿನ ಮೂರು ಭಾನುವಾರ ಜೀವಶಾಸ್ತ್ರದ ನಂತರ ಭೌತಶಾಸ್ತ್ರ, ಕೊನೆಗೆ ರಸಾಯನಶಾಸ್ತ್ರ ಎಂದು ಕ್ರಮ ಬದಲಿಸಿ, ಮೂರೂ ಪತ್ರಿಕೆ ತೆಗೆದುಕೊಂಡು ಬಾ ಎಂದು ಹೇಳಿ ಕಳುಹಿಸಿದ್ದೇನೆ.