ಇಪ್ಪತ್ತು ಸಾವಿರದ ಸಾಲು ಹೊಡೆದುಹಾಕಿ

ಸಂಪಾದಕರಿಗೆ ನಮಸ್ಕಾರ. ನಮ್ಮೂರು ಮಂಡ್ಯದ ಹತ್ತಿರ. ಮೈಸೂರಿನಲ್ಲಿ ಬಿಇ ಮೂರನೇ ಸೆಮಿಸ್ಟರ್ ಓದುತ್ತಿದ್ದೇನೆ, ದಿನಾ ಟ್ರೈನಿನಲ್ಲಿ ಓಡಾಟ. ಆಲೆಮನೆ, ಕಬ್ಬು, ಗದ್ದೆ ಕೆಲಸದ ಬಗ್ಗೆ ಯೂಟ್ಯೂಬ್ ಚಾನೆಲ್ ಮಾಡಿ ಆರು ವಿಡಿಯೊ ಹಾಕಿದ್ದೇನೆ. 140 ಸಬ್‌ಸ್ಕ್ರೈಬರ್ ಇದ್ದಾರೆ. ಅಪ್ಪ-ಅವ್ವನಿಗೆ ಗೊತ್ತಾಗಿ ದೊಡ್ಡ ಗಲಾಟೆ ಆಯಿತು. ಎದುರು ನಿಂತು ಮಾತಾಡಿದರೆ ಜಗಳ ಆಗುತ್ತೆ ಅಂತ ಅವರಿಗೊಂದು ಕಾಗದ ಬರೆದಿದ್ದೇನೆ. 'ಒಂದು ವರ್ಷ ಟೈಮ್ ಕೊಡಿ, ಓದಿನ ಜೊತೆಗೇ ಮಾಡುತ್ತೇನೆ, ವರ್ಷ ಆಗೋದರೊಳಗೆ ತಿಂಗಳಿಗೆ 20 ಸಾವಿರ ತಂದುಕೊಡುತ್ತೇನೆ' ಅಂತ ಅದರಲ್ಲಿದೆ. ಕಾಗದದ ಪ್ರತಿ ಮತ್ತು ಚಾನೆಲ್ಲಿನ ಲೆಕ್ಕದ ಫೋಟೊ ಇಟ್ಟಿದ್ದೇನೆ. ಇದನ್ನು ಕೊಟ್ಟರೆ ಒಪ್ಪುತ್ತಾರಾ?
— ಓದುಗ, ಮಂಡ್ಯ

ಪ್ರಿಯ ಓದುಗರೇ,

ಈ ಕಾಗದ ಕೊಟ್ಟರೆ ಒಪ್ಪುವುದಿಲ್ಲ. ಒಪ್ಪಿದರೆ ಇನ್ನೂ ಕಷ್ಟ. ಆ 20 ಸಾವಿರದ ಸಾಲನ್ನು ಅಪ್ಪ ನೆನಪಿಟ್ಟುಕೊಳ್ಳುತ್ತಾರೆ. ಎಂಟನೇ ತಿಂಗಳಿನಿಂದಲೇ 'ಎಲ್ಲಪ್ಪಾ ದುಡ್ಡು?' ಶುರುವಾಗುತ್ತದೆ. ಮೊದಲು ಅದನ್ನು ಹೊಡೆದುಹಾಕಿ. ಯಾಕೆ ಅಂತ ನೀವು ಕಳಿಸಿದ ಅಂಕಿಗಳಿಂದಲೇ ಹೇಳುತ್ತೇನೆ.

ಜಾಹೀರಾತಿನ ಹಣ ಬರಬೇಕಾದರೆ 1,000 ಸಬ್‌ಸ್ಕ್ರೈಬರ್ ಆಗಬೇಕು, ಜೊತೆಗೆ ಹಿಂದಿನ 12 ತಿಂಗಳಲ್ಲಿ ಜನ ನಿಮ್ಮ ವಿಡಿಯೊಗಳನ್ನು ಒಟ್ಟು 4,000 ಗಂಟೆ ನೋಡಿರಬೇಕು. ಇದು ನಿಮಗೂ ಗೊತ್ತು, ಕಾಗದದಲ್ಲಿ ಬರೆದಿದ್ದೀರಿ. ಆದರೆ ಆ 4,000 ಗಂಟೆ ಎಂದರೆ ಎಷ್ಟು ಅಂತ ಲೆಕ್ಕ ಹಾಕಿಲ್ಲ. 4,000 ಗಂಟೆ ಅಂದರೆ 2,40,000 ನಿಮಿಷ. ನಿಮ್ಮ ಆರರಲ್ಲಿ ಚೆನ್ನಾಗಿ ಓಡಿದ್ದು ಆಲೆಮನೆ ವಿಡಿಯೊ. ಅದು ಏಳು ನಿಮಿಷದ್ದು, 900 ಸಲ ನೋಡಿದ್ದಾರೆ, ಒಬ್ಬರು ಸರಾಸರಿ 2 ನಿಮಿಷ 24 ಸೆಕೆಂಡ್ ನೋಡಿದ್ದಾರೆ. ಅಲ್ಲಿಗೆ ಆ ಒಂದು ವಿಡಿಯೊದಿಂದ ಬಂದಿದ್ದು 36 ಗಂಟೆ. ಇದೇ ಸರಾಸರಿಯಲ್ಲಿ 4,000 ಗಂಟೆ ಮುಟ್ಟಲು ಒಂದು ಲಕ್ಷ ವೀಕ್ಷಣೆ ಬೇಕು. ಹದಿನೈದು ದಿನಕ್ಕೊಂದು ವಿಡಿಯೊ, ಪರೀಕ್ಷೆ ಸಮಯದಲ್ಲಿ ರಜೆ ಅಂದುಕೊಂಡರೆ ವರ್ಷಕ್ಕೆ ಇಪ್ಪತ್ತು ಆಗುತ್ತದೆ. ಒಂದೊಂದಕ್ಕೂ 5,000 ವೀಕ್ಷಣೆ ಬರಬೇಕು. ಈಗ ನಿಮ್ಮ ದಾಖಲೆ 900.

ಇನ್ನೊಂದು ತೊಡಕಿದೆ. ಆ 12 ತಿಂಗಳು ಜನವರಿಯಿಂದ ಡಿಸೆಂಬರ್ ಅಲ್ಲ, ಇವತ್ತಿನಿಂದ ಹಿಂದಕ್ಕೆ ಎಣಿಸುವ 365 ದಿನ. ಹದಿಮೂರನೇ ತಿಂಗಳು ಶುರುವಾದಾಗ ಮೊದಲ ತಿಂಗಳ ಗಂಟೆಗಳು ದಿನದಿನಕ್ಕೆ ಲೆಕ್ಕದಿಂದ ಉದುರತೊಡಗುತ್ತವೆ. ಹಾಗಂತ ಶಾರ್ಟ್ಸ್ ಕಡೆ ಓಡಬೇಡಿ. ಶಾರ್ಟ್ಸ್ ಫೀಡಿನಲ್ಲಿ ನೋಡಿದ ಸಮಯ ಈ 4,000ಕ್ಕೆ ಸೇರುವುದಿಲ್ಲ. ಅದರ ದಾರಿಯೇ ಬೇರೆ, 90 ದಿನದಲ್ಲಿ ಒಂದು ಕೋಟಿ ವೀಕ್ಷಣೆ. ಸಬ್‌ಸ್ಕ್ರೈಬರ್‌ಗಾಗಿ ನೆಂಟರ ವಾಟ್ಸಾಪ್ ಗುಂಪಿನಲ್ಲಿ ಲಿಂಕ್ ಹಾಕಿದ್ದೀರಿ ಅನ್ನಿಸುತ್ತೆ. ನಿಮ್ಮ ಎರಡನೇ ವಿಡಿಯೊಗೆ ಒಂದೇ ದಿನ 60 ಜನ ಬಂದು ಹತ್ತು ಸೆಕೆಂಡಿಗೆ ಹೋಗಿದ್ದಾರೆ, ಅದು ನೆಂಟರ ಗುರುತು. 'ನೀನು ನನಗೆ ಮಾಡು, ನಾನು ನಿನಗೆ ಮಾಡ್ತೀನಿ' ಅನ್ನುವ ಗುಂಪುಗಳಂತೂ ನಿಯಮಕ್ಕೇ ವಿರುದ್ಧ.

ಗೆರೆ ದಾಟಿದ ಮೇಲೂ ಮರುದಿನವೇ ದುಡ್ಡು ಬರುವುದಿಲ್ಲ. ಅರ್ಜಿ ಹಾಕಬೇಕು, ಅವರು ಚಾನೆಲ್ ಪರಿಶೀಲಿಸುತ್ತಾರೆ, ಸಾಮಾನ್ಯವಾಗಿ ಒಂದು ತಿಂಗಳು ಹಿಡಿಯುತ್ತದೆ. ಆಮೇಲೆ ವಿಡಿಯೊ ಜಾಹೀರಾತಿನ ಆದಾಯದಲ್ಲಿ ನಿಮ್ಮ ಪಾಲು 55%. ಖಾತೆಯಲ್ಲಿ 10 ಡಾಲರ್ ಆದಾಗ ಅಂಚೆಯಲ್ಲಿ ಮನೆಗೆ ಒಂದು ಪಿನ್ ಬರುತ್ತದೆ, ನಿಮ್ಮ ವಿಳಾಸ ಸರಿಯಿದೆಯೇ ಅಂತ ನೋಡಲು. 100 ಡಾಲರ್ ತುಂಬುವವರೆಗೆ ಬ್ಯಾಂಕಿಗೆ ಏನೂ ಬರುವುದಿಲ್ಲ. ಹೀಗಾಗಿ ಮೊದಲ ವರ್ಷ ಸೊನ್ನೆ ರೂಪಾಯಿ ಅಂತಲೇ ಕಾಗದದಲ್ಲಿ ಬರೆಯಿರಿ. ನಿಜ ಹೇಳ್ತೀನಿ, 20 ಸಾವಿರಕ್ಕಿಂತ ಆ ಸೊನ್ನೆಯನ್ನು ಅಪ್ಪ ಜಾಸ್ತಿ ನಂಬುತ್ತಾರೆ. ವರ್ಷಪೂರ್ತಿ ಕಬ್ಬು ಬೆಳೆದು, ಕಾರ್ಖಾನೆ ಹಣಕ್ಕೆ ಕಾದು ಗೊತ್ತಿರುವ ಮನುಷ್ಯ ಅವರು.

ಹಾಗಾದರೆ ವರ್ಷ ಕೇಳುವುದು ಯಾತಕ್ಕೆ? ಒಂದು ಪ್ರಶ್ನೆಗೆ ಉತ್ತರ ಸಿಗಲಿಕ್ಕೆ: ಬಂದವರು ನಿಲ್ಲುತ್ತಿದ್ದಾರಾ? ಎಷ್ಟು ಜನ ಬರುತ್ತಾರೆ ಅನ್ನುವುದು ನಿಮ್ಮ ಕೈಯಲ್ಲಿ ಅಷ್ಟಾಗಿ ಇಲ್ಲ. ಬಂದವರು ಎಷ್ಟು ಹೊತ್ತು ಕೂರುತ್ತಾರೆ ಅನ್ನುವುದು ಬಹಳ ಮಟ್ಟಿಗೆ ಇದೆ. ಸರಾಸರಿಯನ್ನು 2 ನಿಮಿಷ 24 ಸೆಕೆಂಡಿನಿಂದ 4 ನಿಮಿಷಕ್ಕೆ ಏರಿಸಿದರೆ, ಆ ಒಂದು ಲಕ್ಷ ವೀಕ್ಷಣೆ 60 ಸಾವಿರಕ್ಕೆ ಇಳಿಯುತ್ತದೆ. ವಿಡಿಯೊ ಒಂದಕ್ಕೆ 3,000. ಆಗಲೂ ಕಷ್ಟವೇ, ಆದರೆ ದೂರ ಕಡಿಮೆಯಾಯಿತಲ್ಲ.

ನಿಮ್ಮ ಆಲೆಮನೆ ವಿಡಿಯೊವನ್ನು ಎರಡು ಸಲ ನೋಡಿದೆ. ಪಕ್ಕದಲ್ಲಿ ನೀವು ಕಳಿಸಿದ ರಿಟೆನ್ಷನ್ ಗ್ರಾಫ್ ಇಟ್ಟುಕೊಂಡಿದ್ದೆ. ಯಾವ ಕ್ಷಣದಲ್ಲಿ ಎಷ್ಟು ಜನ ಇನ್ನೂ ನೋಡುತ್ತಿದ್ದರು ಅಂತ ತೋರಿಸುವ ಗೆರೆ ಅದು. ಮೊದಲ 40 ಸೆಕೆಂಡ್ ನೀವು ಹೆದ್ದಾರಿ ಪಕ್ಕ ನಿಂತು 'ನಮಸ್ಕಾರ ಸ್ನೇಹಿತರೇ' ಅಂತ ಶುರುಮಾಡಿ, ಚಾನೆಲ್ ಹೆಸರು ಹೇಳಿ, ಬೆಲ್ ಒತ್ತಿ ಅನ್ನುತ್ತೀರಿ. ಅಷ್ಟರಲ್ಲಿ ಗೆರೆ ಅರ್ಧಕ್ಕೆ ಬಿದ್ದಿದೆ. ಆಮೇಲೆ ಗಾಣದ ಎಂಜಿನ್ ಸದ್ದಿನಲ್ಲಿ ನಿಮ್ಮ ಮಾತು ಮುಳುಗಿ ಇನ್ನಷ್ಟು ಜನ ಎದ್ದಿದ್ದಾರೆ. ಐದನೇ ನಿಮಿಷದಲ್ಲಿ ಆ ಅಜ್ಜ ಕೊಪ್ಪರಿಗೆಯಿಂದ ಒಂದು ಹನಿ ಪಾಕ ತೆಗೆದು ನೀರಿಗೆ ಬಿಟ್ಟು, ಬೆರಳಲ್ಲಿ ಉರುಟಿ, 'ಇನ್ನೊಂಚೂರು ಬೇಕು ಕಣಪ್ಪ' ಅನ್ನುತ್ತಾರಲ್ಲ, ಅಲ್ಲಿ ಕೆಳಗೆ ಬಿದ್ದಿದ್ದ ಗೆರೆ ಮೇಲೆದ್ದಿದೆ. ಗ್ರಾಫಿನಲ್ಲಿ ಗುಡ್ಡ ಎದ್ದರೆ ಜನ ಹಿಂದಕ್ಕೆ ಎಳೆದು ಮತ್ತೆ ನೋಡಿದ್ದಾರೆ, ಇಲ್ಲವೇ ನೇರ ಅಲ್ಲಿಗೇ ಹಾರಿ ಬಂದಿದ್ದಾರೆ ಅಂತ ಅರ್ಥ. ಅವರು ಬಂದಿದ್ದೇ ಆ ಹದ ನೋಡಲು. ನೀವು ಅದನ್ನು ಐದನೇ ನಿಮಿಷಕ್ಕೆ ಬಚ್ಚಿಟ್ಟಿದ್ದೀರಿ. ಮುಂದಿನದರಲ್ಲಿ ಆ ಹನಿಯಿಂದಲೇ ಶುರುಮಾಡಿ. ನಮಸ್ಕಾರ ಆಮೇಲೆ ಹೇಳಿದರೂ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಖರ್ಚು ಅಂತ ಕೇಳುವುದಿದ್ದರೆ ಸಾವಿರ ರೂಪಾಯಿ ಆಸುಪಾಸಿನ ಒಂದು ಕಾಲರ್ ಮೈಕ್ ಸಾಕು. ಕಾಗದದಲ್ಲಿ ಕೇಳಿರುವ ಲ್ಯಾಪ್‌ಟಾಪ್ ತೆಗೆದುಬಿಡಿ. ಇರುವ ಫೋನಿನಲ್ಲೇ ಎಡಿಟ್ ಆಗುತ್ತಿದೆ. ಇನ್ನೊಂದು, ಆ ವಿಡಿಯೊದ ಕೊನೆಗೆ ಸಿನಿಮಾ ಹಾಡು ಹಾಕಿದ್ದೀರಿ. ಹಾಡಿನ ಹಕ್ಕಿರುವವರು ಕ್ಲೇಮ್ ಹಾಕಿದರೆ ಮುಂದೆ ಆ ವಿಡಿಯೊದ ಜಾಹೀರಾತಿನ ಹಣ ಅವರಿಗೇ ಹೋಗಬಹುದು. ಅವರು ದೂರು ಕೊಟ್ಟು ಸ್ಟ್ರೈಕ್ ಬಂದರೆ ಅದು ಬೇರೆ ಮಾತು. 90 ದಿನದೊಳಗೆ ಅಂಥ ಮೂರು ಬಂದರೆ ಚಾನೆಲ್ಲೇ ಹೋಗುತ್ತದೆ. ಗಾಣದ ಸದ್ದೇ ಸಾಕು, ಹಾಡು ಬೇಡ.

ಈಗ ಮನೆಯವರ ಭಯಕ್ಕೆ ಬರೋಣ. ನನ್ನ ಅಕ್ಕನ ಮಗನೂ ಮೈಸೂರಿನಲ್ಲಿ ಓದುವಾಗ ಚಾನೆಲ್ ಮಾಡಿದ್ದ, ಮನೆಗೆ ಹೇಳದೆ. ಎರಡು ಸಬ್ಜೆಕ್ಟ್ ಬ್ಯಾಕ್ ಆದ ಮೇಲೆ ವಿಷಯ ಹೊರಬಂತು. ಬ್ಯಾಕ್ ಆಗಿದ್ದು ಚಾನೆಲ್ಲಿನಿಂದಲೋ ಕ್ರಿಕೆಟ್ಟಿನಿಂದಲೋ ನನಗೆ ಇವತ್ತಿಗೂ ಅನುಮಾನ. ಆದರೆ ತಪ್ಪೆಲ್ಲ ಚಾನೆಲ್ಲಿನ ತಲೆಗೆ ಬಂತು. ಎಷ್ಟು ಹೊತ್ತು ಅದಕ್ಕೆ ಕೊಟ್ಟೆ ಅಂತ ತೋರಿಸಲು ಅವನ ಹತ್ತಿರ ಒಂದು ಚೀಟಿಯೂ ಇರಲಿಲ್ಲ.

ನಿಮ್ಮ ಹತ್ತಿರ ಇರಲಿ. ಒಂದು ವಿಡಿಯೊಗೆ ಎಷ್ಟು ಗಂಟೆ ಹೋಗುತ್ತದೆ ಅಂತ ನೀವೇ ಬರೆದಿದ್ದೀರಿ: ಶೂಟಿಂಗ್ ಮೂರು, ಎಡಿಟಿಂಗ್ ಐದು, ಬರೆಯುವುದು, ತಲೆಬರಹ, ಥಂಬ್‌ನೇಲ್ ಸೇರಿ ಎರಡು. ಒಟ್ಟು ಹತ್ತು. ವಾರಕ್ಕೊಂದು ಮಾಡಿದರೆ ಭಾನುವಾರ ಪೂರ್ತಿ ಹೋಗಿ ಇನ್ನೂ ಎರಡು ರಾತ್ರಿ ಬೇಕು. ಅದಕ್ಕೇ ಹದಿನೈದು ದಿನಕ್ಕೊಂದು ಅಂದೆ. ವಾರಕ್ಕೆ ಐದು ಗಂಟೆ. ಬರೆಯುವುದನ್ನು ಟ್ರೈನಿನಲ್ಲಿ ಸೀಟು ಸಿಕ್ಕ ದಿನ ಮುಗಿಸಬಹುದು. ಕ್ಲಾಸ್ ತಪ್ಪಿಸಿ ಶೂಟಿಂಗ್ ಮಾತ್ರ ಬೇಡವೇ ಬೇಡ. ವಿಟಿಯು ಕಾಲೇಜಾದರೆ 85% ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೇ ಕೂರಿಸದೆ ಇರಬಹುದು. ನಿಮ್ಮೂರಿನ ಆಲೆಮನೆ ಭಾನುವಾರವೂ ಉರಿಯುತ್ತದೆ ಅಲ್ವಾ?

ನಿಮ್ಮ ಕಾಗದದಲ್ಲಿ ನಿಲ್ಲಿಸುವ ಮಾತೇ ಇಲ್ಲ. ಅಪ್ಪ-ಅವ್ವನಿಗೆ ಅದೇ ದೊಡ್ಡ ಹೆದರಿಕೆ ಅಂತ ನನ್ನ ಎಣಿಕೆ. 'ಒಂದು ವರ್ಷ' ಅಂದವನು ವರ್ಷ ಮುಗಿದ ಮೇಲೆ 'ಇನ್ನಾರು ತಿಂಗಳು' ಅನ್ನುತ್ತಾನೆ ಅಂತ ಅವರಿಗೆ ಗೊತ್ತು. ಯಾವಾಗ, ಏನಾದರೆ ನಿಲ್ಲಿಸುತ್ತೀರಿ ಅಂತ ನೀವೇ ಮೊದಲು ಬರೆದುಕೊಡಿ. ನಾನಾದರೆ ಹೀಗೆ ಬರೆಯುತ್ತಿದ್ದೆ, ಬೇಕಾದ್ದು ತಿದ್ದಿಕೊಳ್ಳಿ:

'ಅಪ್ಪ, ಅವ್ವ,
ನಿಮಗೆ ಹೇಳದೆ ಶುರುಮಾಡಿದ್ದು ನನ್ನ ತಪ್ಪು. ನಾಲ್ಕನೇ ಸೆಮಿಸ್ಟರ್ ಶುರುವಾದ ದಿನದಿಂದ ಐದನೆಯದರ ಪರೀಕ್ಷೆ ಮುಗಿಯುವವರೆಗೆ ಚಾನೆಲ್ ಮಾಡಲು ಒಪ್ಪಿಗೆ ಕೊಡಿ. ಈ ಅವಧಿಯಲ್ಲಿ ದುಡ್ಡು ಬರುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ನನಗೆ ಬೇಕಾಗಿರುವುದು ಒಂದು ಮೈಕ್, ಅದಕ್ಕೆ ನನ್ನ ಹತ್ತಿರ ಹಬ್ಬದ ದುಡ್ಡಿದೆ. ವಾರಕ್ಕೆ ಐದು ಗಂಟೆ ಮೀರುವುದಿಲ್ಲ. ಕ್ಯಾಲೆಂಡರಿನಲ್ಲಿ ಬರೆದಿಡುತ್ತೇನೆ, ಯಾವಾಗ ಬೇಕಾದರೂ ನೋಡಿ. ಇಂಟರ್ನಲ್ಸ್‌ಗೆ ಒಂದು ವಾರ ಮುಂಚೆ, ಸೆಮಿಸ್ಟರ್ ಪರೀಕ್ಷೆಗೆ ಒಂದು ತಿಂಗಳು ಮುಂಚೆ ಕೆಲಸ ನಿಲ್ಲಿಸುತ್ತೇನೆ. ಒಂದು ಸಬ್ಜೆಕ್ಟ್ ಬ್ಯಾಕ್ ಆದರೂ ಅದು ಪಾಸಾಗುವವರೆಗೆ ಹೊಸ ವಿಡಿಯೊ ಇಲ್ಲ. ಮೂರು ತಿಂಗಳಿಗೊಮ್ಮೆ ಫೋನ್ ನಿಮ್ಮ ಕೈಗೆ ಕೊಟ್ಟು ಎಷ್ಟು ಜನ, ಎಷ್ಟು ಹೊತ್ತು ನೋಡಿದರು ಅಂತ ತೋರಿಸುತ್ತೇನೆ. ಇಪ್ಪತ್ತು ವಿಡಿಯೊ ಆದ ಮೇಲೂ ಜನ ಮೂರು ನಿಮಿಷ ನಿಲ್ಲದಿದ್ದರೆ ನಾನಾಗಿಯೇ ಬಿಡುತ್ತೇನೆ. ಅವ್ವನ ಮುಖ, ನಮ್ಮ ಮನೆ ಒಳಗಡೆ, ತಂಗಿಯನ್ನು ವಿಡಿಯೊದಲ್ಲಿ ತೋರಿಸುವುದಿಲ್ಲ.'

ಕೊನೆಯ ಸಾಲು ನಾನು ಸೇರಿಸಿದ್ದು. ನಿಮ್ಮ ನಾಲ್ಕನೇ ವಿಡಿಯೊದಲ್ಲಿ ಅವ್ವ ಸೆರಗು ಮುಚ್ಚಿಕೊಂಡು ಅಡುಗೆಮನೆಗೆ ಓಡಿದ್ದನ್ನು ಹಾಗೇ ಬಿಟ್ಟಿದ್ದೀರಿ. ಅದನ್ನು ಇವತ್ತೇ ಕತ್ತರಿಸಿ. ಅರ್ಧ ಗಲಾಟೆ ಅದರಿಂದಲೇ ಆಗಿರಬಹುದು.

ಮೂರು ನಿಮಿಷ ಅಂದಿದ್ದು ಏಳು ನಿಮಿಷದ ವಿಡಿಯೊಗೆ. ಉದ್ದ ಬದಲಾದರೆ ಆ ಅಂಕಿಯೂ ಬದಲಾಗಬೇಕು. ಹತ್ತನೇ ವಿಡಿಯೊ ಹೊತ್ತಿಗೆ ಅದರ ಹತ್ತಿರವೂ ಬಂದಿಲ್ಲ ಅಂದರೆ ವಿಷಯವನ್ನೋ ಹೇಳುವ ರೀತಿಯನ್ನೋ ಬದಲಾಯಿಸಿ. ಹಳೆಯದನ್ನೇ ಇನ್ನೂ ಹತ್ತು ಸಲ ಮಾಡಿ ಕಾಯಬೇಡಿ.

ಕಾಗದವನ್ನು ವಾಟ್ಸಾಪ್‌ನಲ್ಲಿ ಕಳಿಸಬೇಡಿ. ಕೈಯಲ್ಲಿ ಬರೆದು ಅಪ್ಪನಿಗೆ ಕೊಡಿ. ಅವ್ವನಿಗೆ ನೀವೇ ಓದಿ ಹೇಳಿ. ಕಬ್ಬು ಕಟಾವಿನ ಗಡಿಬಿಡಿ ಇರುವ ವಾರ ಬೇಡ. ಅಪ್ಪ 'ವರ್ಷ ಬೇಡ, ಒಂದು ಸೆಮಿಸ್ಟರ್ ನೋಡೋಣ' ಅಂದರೆ ವಾದ ಮಾಡದೆ ಒಪ್ಪಿಕೊಳ್ಳಿ. ಅಷ್ಟರಲ್ಲೇ ಹತ್ತು ವಿಡಿಯೊ ಆಗುತ್ತದೆ.

— ಸಂಪಾದಕ