ಲೇಟ್ ಇಂಟಿಮೇಷನ್ ಅಂತ ಕಾರ್ ಕ್ಲೇಮ್ ರಿಜೆಕ್ಟ್ ಮಾಡಿದ್ರೆ ಉತ್ತರ ಹೇಗೆ ಬರೀಬೇಕು?

ಪ್ರಶ್ನೆ: ಸಾರ್, ಜುಲೈನಲ್ಲಿ ಶಿರಾಡಿ ಘಾಟಲ್ಲಿ ಮಳೇಲಿ ಕಾರ್ ಸ್ಕಿಡ್ ಆಗಿ ತಡೆಗೋಡೆಗೆ ಹೊಡೀತು. ನನಗೆ ಭುಜದ ಮೂಳೆ ಮುರಿದು ಹಾಸನದ ಆಸ್ಪತ್ರೇಲಿ ಇದ್ದೆ. ಗಾಡೀನ ಅವತ್ತೇ ಟೋ ಮಾಡಿಸಿ ಗ್ಯಾರೇಜಿಗೆ ಹಾಕಿಸಿದ್ವಿ, ಇನ್ಶೂರೆನ್ಸ್‌ಗೆ ತಿಳಿಸಿದ್ದು 11 ದಿನ ಆದ್ಮೇಲೆ. ಸರ್ವೇಯರ್ ಬಂದು ಫೋಟೋ ತಕ್ಕೊಂಡು ಹೋದ್ರು. ಈಗ 'ಪಾಲಿಸಿ ಕಂಡೀಷನ್ 1 ಉಲ್ಲಂಘನೆ, ತಡವಾಗಿ ತಿಳಿಸಿದ್ದೀರಿ' ಅಂತ ಲೆಟರ್ ಬಂದಿದೆ. ಗ್ಯಾರೇಜಿನವರ ಎಸ್ಟಿಮೇಟ್ 1,38,000. ಕಾರಿಗೆ ಮೂರೂವರೆ ವರ್ಷ. ಏನು ಉತ್ತರ ಬರೀಲಿ? (ಸಕಲೇಶಪುರದ ಓದುಗರು)

ಉತ್ತರ: ಮೊದ್ಲು ಆ ಲೆಟರನ್ನ ಇನ್ನೊಂದ್ಸಲ ಓದಿ, ತಡ ಅನ್ನೋದು ಬಿಟ್ಟು ಬೇರೆ ಕಾರಣ ಒಂದಾದ್ರೂ ಇದೆಯಾ ನೋಡಿ. ಲೈಸೆನ್ಸ್, ಡ್ಯಾಮೇಜ್ ಹೊಂದಲ್ಲ ಅನ್ನೋದು, ಹಳೇ ಡೆಂಟ್ ಸೇರಿಸಿದ್ದೀರಿ ಅನ್ನೋದು, ಇಂಥದ್ದು ಯಾವ್ದಾದ್ರೂ ಇದ್ರೆ ಅದಕ್ಕೂ ಉತ್ತರ ಕೊಡ್ಬೇಕಾಗುತ್ತೆ. ನೀವು ಬರೆದಿದ್ದು ನೋಡಿದ್ರೆ ಕಾರಣ ಅದೊಂದೇ, ಅದು ನಿಮಗೆ ಒಳ್ಳೇದೇ.

ಕಂಡೀಷನ್ 1 ಏನು ಹೇಳುತ್ತೆ ಅಂದ್ರೆ ಅಪಘಾತ ಆದ ಕೂಡಲೇ ಕಂಪನಿಗೆ ಬರವಣಿಗೇಲಿ ತಿಳಿಸಬೇಕು ಅಂತ, ಆದ್ರೆ 'ಕೂಡಲೇ' ಅಂದ್ರೆ ಎಷ್ಟು ಗಂಟೆ ಎಷ್ಟು ದಿನ ಅಂತ ಆ ಕಂಡೀಷನ್ನಲ್ಲಿ ಬರೆದಿಲ್ಲ. 24 ಗಂಟೆ, 48 ಗಂಟೆ ಅಂತ ಏಜೆಂಟರು, ಕಾಲ್ ಸೆಂಟರಿನವರು ಹೇಳ್ತಾರಲ್ಲ, ಅದನ್ನ ನಿಮ್ಮ ಪಾಲಿಸಿ ಪುಸ್ತಕದಲ್ಲೇ ಹುಡುಕಿ ನೋಡಿ, ಹೆಚ್ಚಿನ ಕಡೆ ಸಿಗಲ್ಲ. ಇನ್ನು ಈ ಕಂಡೀಷನ್ ಯಾಕಿದೆ ಅನ್ನೋದನ್ನ ಸುಪ್ರೀಂ ಕೋರ್ಟೇ 2020ರ ಜನವರಿ 24ರಂದು ಗುರ್‌ಶಿಂದರ್ ಸಿಂಗ್ ವಿರುದ್ಧ ಶ್ರೀರಾಮ್ ಜನರಲ್ ಇನ್ಶೂರೆನ್ಸ್ ಕೇಸಲ್ಲಿ ಬಿಡಿಸಿ ಹೇಳಿದೆ: ಅಪಘಾತ ಆದಾಗ ಕಂಪನಿ ಸರ್ವೇಯರನ್ನ ಕಳಿಸಿ ನಷ್ಟ ಅಳೆಯೋಕೆ ಆಗ್ಲಿ ಅಂತ ಈ ನೋಟಿಸ್.

ಇಲ್ಲೊಂದು ಎಚ್ಚರಿಕೆ. ಆ ಕೇಸಿನ ಮುಖ್ಯ ತೀರ್ಪು ಗಾಡಿ ಕಳ್ಳತನದ್ದು, ಪೊಲೀಸ್ ಕಂಪ್ಲೇಂಟ್ ತಕ್ಷಣ ಕೊಟ್ಟಿದ್ರೆ ಕಂಪನಿಗೆ ತಡವಾಗಿ ತಿಳಿಸಿದ್ದಕ್ಕೆ ಮಾತ್ರ ಕ್ಲೇಮ್ ತಳ್ಳಂಗಿಲ್ಲ ಅಂತ. ಜನ ಅದನ್ನೇ ಕಾಪಿ ಹೊಡೆದು ಆಕ್ಸಿಡೆಂಟ್ ಕ್ಲೇಮಿಗೂ ಹಾಕ್ತಾರೆ, ಕಂಪನಿಯ ವಕೀಲ 'ಇದು ಕಳ್ಳತನದ ಕೇಸಲ್ಲ ಸ್ವಾಮಿ' ಅಂತ ಒಂದೇ ಸಾಲಲ್ಲಿ ಮುಗಿಸಿಬಿಡ್ತಾನೆ. ನೀವು ಅದ್ರಿಂದ ತಗೋಬೇಕಾದ್ದು ಸರ್ವೇಯರ್ ವಿಷಯದ ಆ ಮಾತು ಮಾತ್ರ. ನಿಮ್ಮ ಗಾಡಿಯನ್ನ ಸರ್ವೇಯರ್ ನೋಡಿದ್ದಾರೆ, ಫೋಟೋ ತೆಗೆದಿದ್ದಾರೆ, ಅಂದ್ಮೇಲೆ ನೋಟಿಸ್ ಯಾತಕ್ಕೆ ಬೇಕಿತ್ತೋ ಆ ಕೆಲಸ ಆಗಿಹೋಗಿದೆ. ತಡದಿಂದ ಕಂಪನಿಗೆ ಏನು ನಷ್ಟ ಆಯ್ತು ಅಂತ ಕೇಳೋದೇ ನಿಮ್ಮ ಉತ್ತರದ ಜೀವ.

ಇದ್ರ ಜೊತೆಗೆ ವಿಮಾ ಕಂಪನಿಗಳ ನಿಯಂತ್ರಕ ಸಂಸ್ಥೆ ಐಆರ್‌ಡಿಎ 2011ರ ಸೆಪ್ಟೆಂಬರ್ 20ರಂದು ಕಂಪನಿಗಳಿಗೆ ಕಳಿಸಿದ ಸುತ್ತೋಲೆ ಇದೆ, ಗ್ರಾಹಕ ಆಯೋಗಗಳು ಎಷ್ಟೋ ಆದೇಶದಲ್ಲಿ ಅದನ್ನ ಎತ್ತಿ ಹೇಳಿವೆ. ತಡ ಆಯ್ತು ಅನ್ನೋ ಒಂದೇ ಕಾರಣಕ್ಕೆ ನಿಜವಾದ ಕ್ಲೇಮ್ ತಳ್ಳಬಾರದು, ಟೈಮಿಗೆ ತಿಳಿಸಿದ್ರೂ ಈ ಕ್ಲೇಮ್ ರಿಜೆಕ್ಟೇ ಆಗ್ತಿತ್ತು ಅಂತ ಖಾತ್ರಿ ಆದ್ರೆ ಮಾತ್ರ ತಳ್ಳಬಹುದು ಅನ್ನೋದು ಅದರ ಸಾರ.

ಆದ್ರೆ ಇದೆಲ್ಲ ನಿಲ್ಲೋದು ಒಂದು ಷರತ್ತಿನ ಮೇಲೆ, ಸರ್ವೇಯರ್ ಬರೋ ತನಕ ಗಾಡಿ ಬಿದ್ದ ಸ್ಥಿತೀಲೇ ಇತ್ತು ಅಂತ ನೀವು ತೋರಿಸಬೇಕು. ಗ್ಯಾರೇಜಿನವರು ಅಷ್ಟರಲ್ಲಿ ಬಂಪರ್ ಬಿಚ್ಚಿ ಬೀಟಿಂಗ್ ಶುರು ಮಾಡಿದ್ರೆ, ಅಥವಾ ಗಾಡೀನ ನೀವೇ ಓಡಿಸ್ಕೊಂಡು ಬಂದಿದ್ರೆ ಕಥೆ ಬೇರೆ, ಯಾಕಂದ್ರೆ ಯಾವ ಡ್ಯಾಮೇಜ್ ಗೋಡೆಯಿಂದ ಆಗಿದ್ದು, ಯಾವ್ದು ಆಮೇಲೆ ಆಗಿದ್ದು ಅಂತ ಹೇಳೋಕೆ ಆಗಲ್ಲ, ಆಗ ಕಂಪನಿ ಮಾತಿಗೂ ತೂಕ ಬರುತ್ತೆ. ನಿಮ್ಮದು ಟೋ ಆಗಿದೆ. ಟೋ ಬಿಲ್ಲಲ್ಲಿ ತಾರೀಖು ಇರುತ್ತೆ, ಗ್ಯಾರೇಜಿನ ಜಾಬ್ ಕಾರ್ಡಲ್ಲಿ ಗಾಡಿ ಒಳಗೆ ಬಂದ ದಿನ ಮತ್ತು ಕಿಲೋಮೀಟರ್ ರೀಡಿಂಗ್ ಇರುತ್ತೆ, ಸರ್ವೇಯರ್ ಫೋಟೋದಲ್ಲೂ ಅದೇ ರೀಡಿಂಗ್ ಇದ್ರೆ ಆ 11 ದಿನ ಗಾಡಿ ಅಲ್ಲಾಡಿಲ್ಲ ಅಂತ ಆಯ್ತು. ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ಆಸ್ಪತ್ರೆ ಡಿಸ್ಚಾರ್ಜ್ ಸಮ್ಮರಿ ಹೇಗೂ ಇದೆ. ಆ ದಿನಗಳಲ್ಲಿ ಮನೆಯವರು ಏಜೆಂಟಿಗೆ ಫೋನೋ ವಾಟ್ಸಾಪೋ ಮಾಡಿದ್ರೆ ಅದರ ಸ್ಕ್ರೀನ್‌ಶಾಟ್ ಸೇರಿಸಿ.

ಸರ್ವೇ ರಿಪೋರ್ಟಿನ ಕಾಪಿಯನ್ನೂ ಅದೇ ಲೆಟರಲ್ಲಿ ಕೇಳಿ. ಯಾಕೆ ಅಂದ್ರೆ ನಿಮಗೆ ಬರಬೇಕಾದ ದುಡ್ಡು 1,38,000 ಅಲ್ಲ, ಸರ್ವೇಯರ್ ಲೆಕ್ಕ ಹಾಕಿದ್ದು. ಉದಾಹರಣೆಗೆ ಎಸ್ಟಿಮೇಟಲ್ಲಿ ಲೋಹದ ಪಾರ್ಟ್ಸ್ 60,000, ಪ್ಲಾಸ್ಟಿಕ್ ಮತ್ತು ರಬ್ಬರ್ 30,000, ಗ್ಲಾಸ್ 10,000, ಲೇಬರ್ 38,000 ಇದೆ ಅಂದ್ಕೊಳ್ಳಿ. ಮೂರರಿಂದ ನಾಲ್ಕು ವರ್ಷದ ಗಾಡಿಗೆ ಲೋಹಕ್ಕೆ 25 ಪರ್ಸೆಂಟ್ ಸವಕಳಿ ಕಳೀತಾರೆ, ಪ್ಲಾಸ್ಟಿಕ್ ರಬ್ಬರಿಗೆ ಅರ್ಧ, ಗ್ಲಾಸಿಗೆ ಇಲ್ಲ, ಲೇಬರಿಗೂ ಇಲ್ಲ (ಪೇಂಟ್ ಸಾಮಾನಿನ ಲೆಕ್ಕ ಬೇರೆ). ಅಂದ್ರೆ 45,000, 15,000, 10,000, 38,000, ಒಟ್ಟು 1,08,000, ಅದ್ರಲ್ಲಿ ನೀವೇ ಭರಿಸಬೇಕಾದ ಕಡ್ಡಾಯ ಮೊತ್ತ 1500 ಸಿಸಿ ತನಕದ ಕಾರಿಗೆ 1,000 ಕಳೆದ್ರೆ 1,07,000. ಹಳೇ ಪಾರ್ಟ್ಸಿನ ಗುಜರಿ ಬೆಲೆ ಅಂತ ಇನ್ನೊಂದಿಷ್ಟು ಹೋಗಬಹುದು. ಝೀರೋ ಡೆಪ್ ಕವರ್ ಇದ್ರೆ ಸವಕಳಿ ಹೆಚ್ಚಾಗಿ ಹೋಗಲ್ಲ. ಪೂರ್ತಿ ಎಸ್ಟಿಮೇಟ್ ಕೇಳಿದ್ರೆ ನೀವು ಪಾಲಿಸಿ ಓದಿಲ್ಲ ಅಂತ ಅವರಿಗೆ ಗೊತ್ತಾಗಿಬಿಡುತ್ತೆ, 'ಸರ್ವೇಯರ್ ಅಳೆದ ಮೊತ್ತ' ಅಂತ ಕೇಳಿ.

ಲೆಟರ್ ಹೆಚ್ಚುಕಮ್ಮಿ ಹೀಗಿರಲಿ, ಕ್ಷಮೆ ಕೇಳೋ ಧಾಟಿ ಬೇಡ, 'ನನಗೆ ರೂಲ್ಸ್ ಗೊತ್ತಿರ್ಲಿಲ್ಲ' ಅಂತಂತೂ ಬರೀಲೇಬೇಡಿ:

> 'ಅಪಘಾತದಲ್ಲಿ ನನಗೇ ಪೆಟ್ಟಾಗಿ ಇಂಥ ದಿನದಿಂದ ಇಂಥ ದಿನದವರೆಗೆ ಆಸ್ಪತ್ರೆಯಲ್ಲಿದ್ದೆ, ದಾಖಲೆ ಲಗತ್ತಿಸಿದ್ದೇನೆ. ವಾಹನವನ್ನು ಅಪಘಾತದ ದಿನವೇ ಟೋ ಮಾಡಿಸಿ ಗ್ಯಾರೇಜಿಗೆ ಸೇರಿಸಲಾಗಿದ್ದು, ತಮ್ಮ ಸರ್ವೇಯರ್ ಪರಿಶೀಲಿಸುವವರೆಗೆ ಬಿಚ್ಚಿಲ್ಲ, ರಿಪೇರಿ ಮಾಡಿಲ್ಲ. ತಡದಿಂದ ನಷ್ಟದ ಅಂದಾಜಿಗೆ ಯಾವ ತೊಂದರೆ ಆಯಿತೆಂದು ತಮ್ಮ ಪತ್ರದಲ್ಲಿ ಹೇಳಿಲ್ಲ. ಸರ್ವೇ ವರದಿಯ ಪ್ರತಿ ಕೊಟ್ಟು, ಕ್ಲೇಮನ್ನು ಮರುಪರಿಶೀಲಿಸಿ, ಸರ್ವೇಯರ್ ಅಳೆದ ಮೊತ್ತ ಪಾವತಿಸಬೇಕೆಂದು ಕೋರುತ್ತೇನೆ.'

ಸುತ್ತೋಲೆಯ ತಾರೀಖು ಒಂದು ಸಾಲಲ್ಲಿ ಸೇರಿಸಿ. ಈ ಲೆಟರನ್ನ ಬ್ರಾಂಚಿಗಷ್ಟೇ ಅಲ್ಲ, ಕಂಪನಿಯ ಗ್ರೀವೆನ್ಸ್ ಆಫೀಸರಿಗೆ ಇಮೇಲ್ ಮಾಡಿ, ಸ್ಪೀಡ್ ಪೋಸ್ಟಲ್ಲೂ ಒಂದು ಕಾಪಿ ಹಾಕಿ. ಫೋನಲ್ಲಿ ಮಾತಾಡಿದ್ದು ಯಾವ ಲೆಕ್ಕಕ್ಕೂ ಬರಲ್ಲ. bimabharosa.irdai.gov.in ನಲ್ಲೂ ದೂರು ಹಾಕಬಹುದು, ಅದು ವಾಪಸ್ ಕಂಪನಿಗೇ ಹೋಗುತ್ತೆ, ಆದ್ರೆ ನಂಬರ್ ಒಂದು ಸಿಗುತ್ತೆ.

ಗ್ಯಾರೇಜಿನವರು ಜಾಗದ ಬಾಡಿಗೆ ಕೇಳ್ತಿದ್ದಾರೆ ಅಂತ ಸುಮ್ನೆ ರಿಪೇರಿಗೆ ಒಪ್ಪಿಬಿಡಬೇಡಿ. ಕಾಯೋಕೆ ಆಗಲ್ಲ ಅಂದ್ರೆ ಕಂಪನಿಗೆ ಮೊದ್ಲು ಮೇಲ್ ಮಾಡಿ, ಇಂಥ ದಿನ ರಿಪೇರಿ ಶುರು ಮಾಡ್ತೀನಿ ಮತ್ತೆ ನೋಡೋದಿದ್ರೆ ಬನ್ನಿ ಅಂತ, ಬಿಚ್ಚುವಾಗ ಫೋಟೋ ತೆಗೆಸಿ, ತೆಗೆದ ಪಾರ್ಟ್ಸ್ ಎಲ್ಲ ಇಟ್ಕೊಳ್ಳಿ, ಬಿಲ್ ಜಿಎಸ್‌ಟಿ ಸಮೇತ ತಗೊಳ್ಳಿ.

ಒಂದು ತಿಂಗಳಲ್ಲಿ ಉತ್ತರ ಬರ್ಲಿಲ್ಲ, ಅಥವಾ ಮತ್ತೆ ಇಲ್ಲ ಅಂದ್ರು ಅಂದ್ರೆ ಬೆಂಗಳೂರು ಜೆ.ಪಿ. ನಗರದ ಜೀವನ್ ಸೌಧದಲ್ಲಿರೋ ವಿಮಾ ಒಂಬುಡ್ಸ್‌ಮನ್ ಹತ್ರ ಹೋಗಿ. ಫೀಸಿಲ್ಲ, ಲಾಯರಿಗೆ ಅಲ್ಲಿ ಜಾಗವೂ ಇಲ್ಲ, ಕಂಪನಿ ತಿರಸ್ಕರಿಸಿದ ದಿನದಿಂದ ಒಂದು ವರ್ಷದೊಳಗೆ ಹೋಗ್ಬೇಕು, ಕೊಟ್ಟ ಅವಾರ್ಡಿಗೆ ಕಂಪನಿ ಬದ್ಧ, ನೀವಲ್ಲ. ಇಷ್ಟ ಆಗದಿದ್ರೆ ಜಿಲ್ಲಾ ಗ್ರಾಹಕ ಆಯೋಗ ಇದೆ, ಎರಡು ವರ್ಷದ ಗಡುವು. ಮೊದ್ಲೇ ಆಯೋಗದಲ್ಲಿ ಕೇಸ್ ಹಾಕಿದ್ರೆ ಮಾತ್ರ ಒಂಬುಡ್ಸ್‌ಮನ್ ನಿಮ್ಮ ದೂರನ್ನ ತಗೊಳ್ಳಲ್ಲ, ಹಾಗಾಗಿ ಅನುಕ್ರಮ ತಪ್ಪಿಸ್ಬೇಡಿ.