ಸ್ಥಿರ ವೆಚ್ಚ ಕೊಡದಿದ್ದಾಗ ಬ್ರೇಕ್-ಈವನ್ ಲೆಕ್ಕ ಮಾಡುವುದು ಹೇಗೆ?

ಪ್ರಶ್ನೆ: ಸರ್, ಪರೀಕ್ಷೆಯಲ್ಲಿ ಬಂದ ಲೆಕ್ಕ ಇದು. ಒಂದು ಕಂಪನಿ ಒಂದೇ ವಸ್ತು ತಯಾರಿಸಿ ಯೂನಿಟ್‌ಗೆ 50 ರೂ.ನಂತೆ ಮಾರುತ್ತದೆ. 8,000 ಯೂನಿಟ್ ತಯಾರಿಸಿದಾಗ ಒಟ್ಟು ವೆಚ್ಚ 3,84,000 ರೂ., 12,000 ಯೂನಿಟ್ ತಯಾರಿಸಿದಾಗ 5,04,000 ರೂ. (ಅ) ಬ್ರೇಕ್-ಈವನ್ ಪಾಯಿಂಟ್ ಎಷ್ಟು? (ಆ) 60,000 ರೂ. ಲಾಭ ಬರಲು ಎಷ್ಟು ಯೂನಿಟ್ ಮಾರಬೇಕು? (ಇ) ಬೆಲೆಯನ್ನು ಶೇ 10ರಷ್ಟು ಇಳಿಸಿದರೆ ಬ್ರೇಕ್-ಈವನ್ ಎಷ್ಟಾಗುತ್ತದೆ? ನಾನು ಭಾಗಿಸಿ ನೋಡಿದೆ. ಯೂನಿಟ್ ವೆಚ್ಚ ಒಂದು ಕಡೆ 48 ರೂ., ಇನ್ನೊಂದು ಕಡೆ 42 ರೂ. ಬಂತು. ಚಲ ವೆಚ್ಚ ಅಂತ ಯಾವುದನ್ನು ತಗೋಬೇಕು? ಸ್ಥಿರ ವೆಚ್ಚವನ್ನು ಕೊಟ್ಟೇ ಇಲ್ಲವಲ್ಲ?

ಉತ್ತರ: ಎರಡನ್ನೂ ತಗೋಬೇಡಿ. 48 ಮತ್ತು 42 ಎರಡೂ ಸರಾಸರಿ ವೆಚ್ಚಗಳು. ಅವುಗಳ ಒಳಗೆ ಸ್ಥಿರ ವೆಚ್ಚದ ಪಾಲೂ ಸೇರಿಕೊಂಡಿದೆ. ಅದೇ ಸ್ಥಿರ ವೆಚ್ಚ 8,000 ಯೂನಿಟ್‌ಗಳ ಮೇಲೆ ಹಂಚಿದಾಗ ಪಾಲು ಜಾಸ್ತಿ, 12,000ದ ಮೇಲೆ ಹಂಚಿದಾಗ ಕಡಿಮೆ. ಹಾಗಾಗಿಯೇ ಎರಡು ಬೇರೆ ಉತ್ತರ ಬಂತು. ಸ್ಥಿರ ವೆಚ್ಚ ಇಲ್ಲದೇ ಇದ್ದಿದ್ದರೆ ಎರಡೂ ಕಡೆ ಒಂದೇ ಅಂಕಿ ಬರುತ್ತಿತ್ತು.

ಸ್ಥಿರ ವೆಚ್ಚ ಈ ಎರಡು ಮೊತ್ತಗಳಲ್ಲೇ ಅಡಗಿದೆ. ಅದನ್ನು ಹೊರತೆಗೆಯಲು ವ್ಯತ್ಯಾಸ ನೋಡಬೇಕು. ಉತ್ಪಾದನೆ 8,000ದಿಂದ 12,000ಕ್ಕೆ ಏರಿದಾಗ ಸ್ಥಿರ ವೆಚ್ಚ ಅಲುಗಾಡುವುದಿಲ್ಲ. ಹಾಗಾದರೆ ಒಟ್ಟು ವೆಚ್ಚದಲ್ಲಿ ಏರಿದ್ದೆಲ್ಲ ಚಲ ವೆಚ್ಚವೇ, ಅಲ್ವಾ?

ವೆಚ್ಚದ ಏರಿಕೆ = 5,04,000 − 3,84,000 = 1,20,000 ರೂ.
ಉತ್ಪಾದನೆಯ ಏರಿಕೆ = 12,000 − 8,000 = 4,000 ಯೂನಿಟ್
ಯೂನಿಟ್‌ಗೆ ಚಲ ವೆಚ್ಚ = 1,20,000 ÷ 4,000 = 30 ರೂ.

ಈಗ ಯಾವುದಾದರೂ ಒಂದು ಮಟ್ಟ ಹಿಡಿದು, ಒಟ್ಟು ವೆಚ್ಚದಿಂದ ಚಲ ವೆಚ್ಚ ಕಳೆಯಿರಿ. ಉಳಿದದ್ದು ಸ್ಥಿರ ವೆಚ್ಚ.

ಸ್ಥಿರ ವೆಚ್ಚ = 3,84,000 − (8,000 × 30) = 1,44,000 ರೂ.

ಇಲ್ಲಿ ಅರ್ಧ ನಿಮಿಷ ಖರ್ಚು ಮಾಡಿ ಇನ್ನೊಂದು ಮಟ್ಟದಲ್ಲೂ ತಾಳೆ ನೋಡಿ: 5,04,000 − (12,000 × 30) = 1,44,000. ಎರಡೂ ಒಂದೇ ಬಂದರೆ ಮುಂದೆ ಹೋಗಬಹುದು. ಬರದಿದ್ದರೆ ಕೂಡಿಸುವ ಕಳೆಯುವ ಹಂತದಲ್ಲೇ ಏನೋ ತಪ್ಪಾಗಿದೆ. ಅದನ್ನು ಈಗಲೇ ಹಿಡಿಯದಿದ್ದರೆ ಮೂರೂ ಉತ್ತರಗಳು ಹಾಳಾಗುತ್ತವೆ.

(ಅ) ಒಂದು ಯೂನಿಟ್ ಮಾರಿದರೆ 50 ರೂ. ಬರುತ್ತದೆ, 30 ರೂ. ಅದಕ್ಕೇ ಖರ್ಚಾಗುತ್ತದೆ. ಉಳಿಯುವ 20 ರೂ.ಯೇ ಕಾಂಟ್ರಿಬ್ಯೂಷನ್. ಇದನ್ನು ಲಾಭ ಅಂದುಕೊಳ್ಳಬೇಡಿ. ಈ 20 ರೂ. ಮೊದಲು ಸ್ಥಿರ ವೆಚ್ಚವನ್ನು ತುಂಬಬೇಕು, ಆಮೇಲೆ ಉಳಿದರೆ ಲಾಭ. 1,44,000 ರೂ. ತುಂಬಲು ಇಂಥ ಎಷ್ಟು 20 ರೂ. ಬೇಕು ಅನ್ನುವುದಷ್ಟೇ ಬ್ರೇಕ್-ಈವನ್ ಪ್ರಶ್ನೆ.

ಬ್ರೇಕ್-ಈವನ್ = 1,44,000 ÷ 20 = 7,200 ಯೂನಿಟ್
ಮಾರಾಟದ ಮೊತ್ತದಲ್ಲಿ = 7,200 × 50 = 3,60,000 ರೂ.

ನೀವು 48ನ್ನೇ ಚಲ ವೆಚ್ಚ ಅಂತ ಹಿಡಿದಿದ್ದರೆ 1,44,000 ÷ 2 = 72,000 ಯೂನಿಟ್ ಬರುತ್ತಿತ್ತು, ಸರಿಯಾದ ಉತ್ತರದ ಹತ್ತು ಪಟ್ಟು! 42 ಹಿಡಿದಿದ್ದರೆ 18,000. ಇವು ತಪ್ಪು ಅಂತ ಸೂತ್ರ ನೋಡದೆಯೂ ಹೇಳಬಹುದು. 8,000 ಯೂನಿಟ್ ಮಾರಿದರೆ 4,00,000 ರೂ. ಬರುತ್ತದೆ, ವೆಚ್ಚ 3,84,000. ಅಂದರೆ ಅಲ್ಲಿ ಆಗಲೇ 16,000 ರೂ. ಲಾಭ ಇದೆ. ಆದ್ದರಿಂದ ಬ್ರೇಕ್-ಈವನ್ 8,000ಕ್ಕಿಂತ ಕೆಳಗೇ ಇರಬೇಕು. 7,200 ಹೊಂದುತ್ತದೆ: ಅದರ ಮೇಲಿನ 800 ಯೂನಿಟ್‌ಗೆ 20 ರೂ.ನಂತೆ ಸರಿಯಾಗಿ 16,000.

(ಆ) ಸ್ಥಿರ ವೆಚ್ಚದ ಜೊತೆಗೆ ಬೇಕಾದ ಲಾಭವನ್ನೂ ಕಾಂಟ್ರಿಬ್ಯೂಷನ್‌ನಿಂದಲೇ ತುಂಬಬೇಕು. (1,44,000 + 60,000) ÷ 20 = 10,200 ಯೂನಿಟ್. ಇದರಲ್ಲಿ ಹೆಚ್ಚು ಹೇಳುವುದೇನಿಲ್ಲ.

(ಇ) ಅಂಕ ಕಳೆದುಕೊಳ್ಳುವ ಜಾಗ ಇದು. ಬೆಲೆ ಶೇ 10 ಇಳಿಯಿತು, ಹಾಗಾಗಿ ಬ್ರೇಕ್-ಈವನ್ ಶೇ 10 ಏರುತ್ತದೆ ಅಂತ 7,920 ಬರೆಯುವವರಿದ್ದಾರೆ. ಇನ್ನು ಕೆಲವರು ಪಿ/ವಿ ಅನುಪಾತವನ್ನು ಮೊದಲೇ ಶೇ 40 ಅಂತ ತೆಗೆದಿಟ್ಟುಕೊಂಡು (20 ÷ 50), ಇಲ್ಲೂ ಅದನ್ನೇ ಹಾಕಿಬಿಡುತ್ತಾರೆ. ಬೆಲೆ ಬದಲಾದ ಕೂಡಲೇ ಹಳೆಯ ಅನುಪಾತದ ಆಯುಷ್ಯ ಮುಗಿಯಿತು.

ಹೊಸ ಬೆಲೆ 45 ರೂ. ಚಲ ವೆಚ್ಚ ಮಾತ್ರ 30 ರೂ.ಯಲ್ಲೇ ಇದೆ, ಏಕೆಂದರೆ ಬೆಲೆ ಇಳಿಸಿದ ಮಾತ್ರಕ್ಕೆ ಕಚ್ಚಾ ಸಾಮಗ್ರಿ ಅಗ್ಗವಾಗುವುದಿಲ್ಲ. ಹೊಸ ಕಾಂಟ್ರಿಬ್ಯೂಷನ್ 15 ರೂ.

ಹೊಸ ಬ್ರೇಕ್-ಈವನ್ = 1,44,000 ÷ 15 = 9,600 ಯೂನಿಟ್
ಮಾರಾಟದ ಮೊತ್ತದಲ್ಲಿ = 9,600 × 45 = 4,32,000 ರೂ.

ಬೆಲೆಯಲ್ಲಿ ಹೋದ 5 ರೂ. ಪೂರ್ತಿಯಾಗಿ ಕಾಂಟ್ರಿಬ್ಯೂಷನ್‌ನಿಂದಲೇ ಹೋಯಿತು. 50ರಲ್ಲಿ 5 ಅಂದರೆ ಶೇ 10, ಆದರೆ 20ರಲ್ಲಿ 5 ಅಂದರೆ ಶೇ 25. ಅದಕ್ಕೇ ಬ್ರೇಕ್-ಈವನ್ ಮೂರನೇ ಒಂದು ಭಾಗದಷ್ಟು ಮೇಲೆ ಹೋಯಿತು. ಉತ್ತರದ ಕೊನೆಗೆ ಈ ಕಾರಣವನ್ನು ಒಂದು ಸಾಲಿನಲ್ಲಿ ಬರೆಯಿರಿ. ಲೆಕ್ಕ ಅರ್ಥವಾಗಿದೆ ಅಂತ ಪರೀಕ್ಷಕರಿಗೆ ಗೊತ್ತಾಗುತ್ತದೆ.

ಇಲ್ಲಿ ಭಾಗಾಕಾರ ಸರಾಗವಾಗಿ ಹೋಯಿತು. ಎಲ್ಲ ಸಲ ಹೋಗುವುದಿಲ್ಲ. ಬೆಲೆ 47 ರೂ. ಆಗಿದ್ದರೆ 1,44,000 ÷ 17 = 8,470.59 ಬರುತ್ತದೆ. ಆಗ 8,471 ಯೂನಿಟ್ ಅಂತಲೇ ಬರೆಯಬೇಕು. 8,470 ಮಾರಿದರೆ ಇನ್ನೂ 10 ರೂ. ನಷ್ಟ ಉಳಿದಿರುತ್ತದೆ. ಹಾಗಾಗಿ ದಶಾಂಶ ಎಷ್ಟೇ ಚಿಕ್ಕದಿದ್ದರೂ ಮೇಲಕ್ಕೇ ಏರಿಸಿ.

ಈ ವ್ಯತ್ಯಾಸದ ವಿಧಾನ ನಡೆಯುವುದು ಎರಡು ಮಟ್ಟಗಳ ನಡುವೆ ಸ್ಥಿರ ವೆಚ್ಚ ನಿಜವಾಗಿಯೂ ಸ್ಥಿರವಾಗಿದ್ದರೆ ಮಾತ್ರ. ಪ್ರಶ್ನೆಯಲ್ಲಿ "10,000 ಯೂನಿಟ್ ದಾಟಿದರೆ ಸ್ಥಿರ ವೆಚ್ಚ 20,000 ರೂ. ಹೆಚ್ಚುತ್ತದೆ" ಅನ್ನುವಂಥ ಸಾಲು ಕಂಡರೆ ಸುಮ್ನೆ ಕಳೆಯಲು ಹೊರಡಬೇಡಿ. ಮೊದಲು 12,000ದ ಮಟ್ಟದ ವೆಚ್ಚದಿಂದ ಆ 20,000 ತೆಗೆಯಿರಿ: 4,84,000. ಈಗ ವ್ಯತ್ಯಾಸ 1,00,000, ಚಲ ವೆಚ್ಚ 25 ರೂ. ಸ್ಥಿರ ವೆಚ್ಚ 3,84,000 − 2,00,000 = 1,84,000. ಬೆಲೆ 50 ರೂ. ಆದ್ದರಿಂದ ಕಾಂಟ್ರಿಬ್ಯೂಷನ್ 25, ಬ್ರೇಕ್-ಈವನ್ 7,360.

ಇಷ್ಟಕ್ಕೆ ನಿಲ್ಲಿಸದೆ ಈ 7,360 ಯಾವ ಕಡೆ ಬಿತ್ತು ಅಂತ ನೋಡಿ. 10,000ಕ್ಕಿಂತ ಕೆಳಗಿದೆ, ನಾವು ಬಳಸಿದ ಸ್ಥಿರ ವೆಚ್ಚವೂ ಆ ಭಾಗದ್ದೇ. ಹಾಗಾಗಿ ಉತ್ತರ ನಿಲ್ಲುತ್ತದೆ. ಒಂದು ವೇಳೆ 10,000ಕ್ಕಿಂತ ಮೇಲೆ ಬಿದ್ದಿದ್ದರೆ, ಏರಿದ ಸ್ಥಿರ ವೆಚ್ಚ ಹಾಕಿ ಮತ್ತೆ ಭಾಗಿಸಬೇಕಾಗುತ್ತಿತ್ತು.